ಸ್ಕ್ರೀನ್‌ಶಾಟ್‌ನಿಂದ 36 ನಿಮಿಷದ ದರ ತೆಗೆದರೆ 612 ಬರುತ್ತಿದೆ, ಎಲ್ಲಿ ತಪ್ಪಿದ್ದೇನೆ?

ಬೆಂಚ್‌ಬಲ:
ನಮ್ಮ ತಂಡದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಬಾಕ್ಸ್ ಸ್ಕೋರ್ ನನ್ನ ಬಳಿ ಇರುವುದು ಸ್ಕ್ರೀನ್‌ಶಾಟ್ ಆಗಿ ಮಾತ್ರ. ಫೋನ್‌ನಲ್ಲೇ ಅದರ ಅಕ್ಷರಗಳನ್ನು ನಕಲು ಮಾಡಿ ಸ್ಪ್ರೆಡ್‌ಶೀಟ್‌ಗೆ ಅಂಟಿಸಿದೆ. ಒಂದು ಪಂದ್ಯದಲ್ಲಿ ಆಟಗಾರನ ಒಟ್ಟು ಆಟವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ, ಜಾನ್ ಹಾಲಿಂಜರ್ ಅವರ ಗೇಮ್ ಸ್ಕೋರ್ ಲೆಕ್ಕ ಹಾಕಿ, ಆಡಿದ ನಿಮಿಷದಿಂದ ಭಾಗಿಸಿ, 36ರಿಂದ ಗುಣಿಸಿದೆ. 7ನೇ ನಂಬರಿನವನಿಗೆ 412, 14ನೇ ನಂಬರಿನವನಿಗೆ 612 ಬಂತು! ಸೂತ್ರವನ್ನು ಮೂರು ಸಲ ನೋಡಿದೆ, ತಪ್ಪು ಕಾಣುತ್ತಿಲ್ಲ.

```
GmSc = PTS + 0.4*FGM - 0.7*FGA - 0.4*(FTA-FTM)
     + 0.7*OREB + 0.3*DREB + STL + 0.7*AST
     + 0.7*BLK - 0.4*PF - TO

#7   32:30  FG 8-17  3P 2-6  FT 3-4  OREB 1  DREB 5
     AST 6  STL 1  BLK 0  TO 3  PF 2  PTS 21
#14  8:45   FG 3-4   3P 1-1  FT 0-0  OREB 1  DREB 1
     AST 0  STL 1  BLK 0  TO 0  PF 3  PTS 7
```

ಫಾಸ್ಟ್‌ಬ್ರೇಕ್:
ಸ್ಕ್ರೀನ್‌ಶಾಟ್‌ನಿಂದ ಎತ್ತುವಾಗ 8 ಹೋಗಿ 3 ಆಗಿರುತ್ತದೆ, ನನಗೂ ಹೀಗೇ ಆಗಿತ್ತು. ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಿ.

ಸ್ಕೋರ್‌ಟೇಬಲ್:
ಅಂಕೆ ಸರಿಯಾಗಿಯೇ ಬಂದಂತಿದೆ. ಪರೀಕ್ಷಿಸಲು ಸುಲಭದ ದಾರಿ: ಬುಟ್ಟಿಗೆ ಬಿದ್ದ ಶಾಟ್‌ಗಳ ಎರಡರಷ್ಟಕ್ಕೆ ಬಿದ್ದ ತ್ರೀ ಪಾಯಿಂಟರ್‌ಗಳನ್ನೂ ಫ್ರೀ ಥ್ರೋಗಳನ್ನೂ ಕೂಡಿದರೆ PTS ಬರಬೇಕು. 7ನೇ ನಂಬರಿಗೆ 16+2+3, ಅಂದರೆ 21. 14ನೇ ನಂಬರಿಗೆ 6+1, ಅಂದರೆ 7. ತ್ರೀ ಪಾಯಿಂಟರ್‌ಗಳು FG ಕಾಲಂನಲ್ಲೇ ಸೇರಿರುತ್ತವೆ, ಅದಕ್ಕೇ ಒಂದೊಂದು ಅಂಕ ಮಾತ್ರ ಮೇಲೆ ಸೇರಿಸುವುದು.

ಗೇಮ್ ಸ್ಕೋರ್ ನಾನು ಕೈಯಲ್ಲಿ ಹಾಕಿ ನೋಡಿದೆ: 15.5 ಮತ್ತು 6.2. ತಪ್ಪಿರುವುದು ನಿಮಿಷದಲ್ಲಿ. ಸ್ಪ್ರೆಡ್‌ಶೀಟ್ 8:45 ಅನ್ನು ಎಂಟು ಗಂಟೆ ನಲವತ್ತೈದು ನಿಮಿಷ ಎಂದು ಓದಿ, ಒಳಗೆ ದಿನದ ಭಾಗವಾಗಿ 0.3646 ಎಂದು ಇಟ್ಟುಕೊಂಡಿದೆ. ನೀವು ಭಾಗಿಸಿದ್ದು ಅದರಿಂದ. ನಿಮ್ಮ 612 ಅನ್ನು 24ರಿಂದ ಭಾಗಿಸಿ ನೋಡಿ, 25.5 ಬರುತ್ತದೆ. ನಿಮಿಷ B ಕಾಲಂನಲ್ಲಿದ್ದರೆ ಹೊಸ ಕಾಲಂನಲ್ಲಿ ಹೀಗೆ ಹಾಕಿ, ಆ ಕಾಲಂನ ಫಾರ್ಮ್ಯಾಟ್ ಅನ್ನು ಸಾಮಾನ್ಯ ಸಂಖ್ಯೆಗೆ ಬದಲಿಸಿ:

```
=B2*24
```

8:45 ಇದ್ದದ್ದು 8.75 ಆಗುತ್ತದೆ, 32:30 ಇದ್ದದ್ದು 32.5. ಕೈಯಲ್ಲಿ 8.45 ಎಂದು ಟೈಪ್ ಮಾಡಬೇಡಿ. ಆ ತಪ್ಪು ಕಣ್ಣಿಗೇ ಬೀಳುವುದಿಲ್ಲ, ಯಾಕೆಂದರೆ ಉತ್ತರ 26.4 ಬಂದು ಸರಿಯೆಂದೇ ತೋರುತ್ತದೆ.

ಬೆಂಚ್‌ಬಲ:
ಸರಿಹೋಯಿತು ಸರ್, ತುಂಬಾ ಧನ್ಯವಾದ. ಈಗ 7ನೇ ನಂಬರಿಗೆ 17.2, 14ನೇ ನಂಬರಿಗೆ 25.5. ಹಾಗಾದರೆ ಬೆಂಚಿನ ಹುಡುಗನೇ ಉತ್ತಮ ಅಂತಲೇ?

ಪಿಕ್‌ಅಂಡ್‌ರೋಲ್:
ಹಾಲಿಂಜರ್ ಅವರದೇ ಇನ್ನೊಂದು ಅಳತೆ PERನಲ್ಲಿ ಸರಾಸರಿ 15 ತಾನೇ? ಇಬ್ಬರೂ ಸರಾಸರಿಗಿಂತ ಮೇಲೆ, 14ನೇ ನಂಬರಿನವನಂತೂ ಸ್ಟಾರ್ ಮಟ್ಟ.

ಸ್ಕೋರ್‌ಟೇಬಲ್:
PERನ ಸರಾಸರಿ 15 ಎಂಬುದು ನಿಜ, ಆದರೆ ಇದು PER ಅಲ್ಲ. ಅದಕ್ಕೆ ತಂಡದ ಆಟದ ವೇಗ, ಇಡೀ ಲೀಗ್‌ನ ಒಟ್ಟು ಅಂಕಿಗಳು ಬೇಕು, ಒಂದು ಸ್ಕ್ರೀನ್‌ಶಾಟ್‌ನಲ್ಲಿ ಅವು ಸಿಗುವುದಿಲ್ಲ. ಈ 17.2 ಅನ್ನು ಆ 15ರ ಪಕ್ಕ ಇಡಬೇಡಿ. ಇದೇ ಲೆಕ್ಕದಲ್ಲಿ ಬಂದ ಬೇರೆ ಆಟಗಾರರ ಜೊತೆ ಮಾತ್ರ ಹೋಲಿಸಿ.

ಹುಡುಗನ ವಿಷಯಕ್ಕೆ ಬಂದರೆ, ಅವನು ಹಾಕಿದ ಎರಡಂಕದ ಒಂದು ಶಾಟ್ ರಿಮ್‌ಗೆ ತಾಗಿ ಹೊರಬಿತ್ತು ಎಂದುಕೊಳ್ಳಿ. ಗೇಮ್ ಸ್ಕೋರ್ 2.4 ಇಳಿದು 3.8 ಆಗುತ್ತದೆ, ದರ 25.5ರಿಂದ 15.6ಕ್ಕೆ ಕುಸಿಯುತ್ತದೆ. ಅದೇ ಒಂದು ಶಾಟ್ 7ನೇ ನಂಬರಿನವನಿಗೆ ತಪ್ಪಿದ್ದರೆ 17.2 ಇದ್ದದ್ದು 14.5. ಒಂದೇ ಶಾಟ್‌ಗೆ ಹತ್ತು ಅಂಕ ಅಲುಗಾಡುವ ಸಂಖ್ಯೆಯ ಮೇಲೆ ತೀರ್ಮಾನ ಮಾಡಬಾರದು. ಇನ್ನೊಂದು, 8.75 ನಿಮಿಷದಲ್ಲಿ ಅವನಿಂದ 3 ಫೌಲ್ ಆಗಿವೆ. ಇದೇ ದರದಲ್ಲಿ 36 ನಿಮಿಷ ಆಡಿದರೆ 12 ದಾಟುತ್ತದೆ, FIBA ನಿಯಮದಲ್ಲಿ ಐದಕ್ಕೇ ಅವನು ಹೊರಗೆ. ಅಂದರೆ ಅವನು ಆ 36 ನಿಮಿಷ ಆಡಲು ಸಾಧ್ಯವೇ ಇಲ್ಲ.

ಫಾಸ್ಟ್‌ಬ್ರೇಕ್:
ನಾವು ಆಡಿಸುವ ಮಕ್ಕಳ ಪಂದ್ಯಗಳಲ್ಲಿ ನಿಮಿಷವನ್ನೇ ಬರೆಯುವುದಿಲ್ಲ. ಒಟ್ಟು 40 ನಿಮಿಷವನ್ನು ಆಡಿದ ಹತ್ತು ಜನಕ್ಕೆ ಸಮನಾಗಿ ಹಂಚಿದರೆ ಆಗದೇ?

ಸ್ಕೋರ್‌ಟೇಬಲ್:
ಆಗದು. ಹಂಚಬೇಕಾದದ್ದು 40 ಅಲ್ಲ, ಅಂಗಳದಲ್ಲಿ ಸದಾ ಐವರು ಇರುವುದರಿಂದ 200. ಸಮನಾಗಿ ಹಂಚಿದರೆ ಎಲ್ಲರಿಗೂ 20 ಬಂದು ದರಕ್ಕೆ ಅರ್ಥವೇ ಉಳಿಯುವುದಿಲ್ಲ. ಯಾವ ಕ್ವಾರ್ಟರ್‌ನಲ್ಲಿ ಯಾರು ಆಡಿದರು ಎಂದಾದರೂ ಗುರುತು ಹಾಕಿಕೊಳ್ಳಿ.

ಬೆಂಚ್‌ಬಲ, ನಿಮಗೂ ಆ 200 ಉಪಯೋಗಕ್ಕೆ ಬರುತ್ತದೆ: ಹೆಚ್ಚುವರಿ ಸಮಯಕ್ಕೆ ಹೋಗದ 40 ನಿಮಿಷದ ಪಂದ್ಯದಲ್ಲಿ ತಂಡದ ನಿಮಿಷಗಳ ಮೊತ್ತ ಅದರ ಹತ್ತಿರ ಬರದಿದ್ದರೆ ಯಾವುದೋ ಸಾಲು ತಪ್ಪಾಗಿದೆ.

ಪಿಕ್‌ಅಂಡ್‌ರೋಲ್:
ಕನಿಷ್ಠ ಎಷ್ಟು ನಿಮಿಷ ಆಡಿದವರನ್ನು ಲೆಕ್ಕಕ್ಕೆ ಹಿಡಿಯಬೇಕು? ನಾನು 15 ಎನ್ನುತ್ತೇನೆ.

ಸ್ಕೋರ್‌ಟೇಬಲ್:
ಒಂದು ಪಂದ್ಯಕ್ಕೆ 15 ಕೂಡ ಕಡಿಮೆ ಅನ್ನಿಸುತ್ತದೆ ನನಗೆ. ಮಿತಿ ಹಾಕುವ ಬದಲು ಹಲವು ಪಂದ್ಯಗಳ ಗೇಮ್ ಸ್ಕೋರ್ ಒಂದೆಡೆ, ನಿಮಿಷಗಳನ್ನು ಇನ್ನೊಂದೆಡೆ ಕೂಡಿ, ಆಮೇಲೆ ಭಾಗಿಸಿ. ಪ್ರತಿ ಪಂದ್ಯದ ದರ ತೆಗೆದು ಸರಾಸರಿ ಮಾಡಬೇಡಿ, ಮೂರು ನಿಮಿಷದ ಪಂದ್ಯಕ್ಕೂ ಮೂವತ್ತು ನಿಮಿಷದ್ದಕ್ಕೂ ಒಂದೇ ತೂಕ ಬೀಳುತ್ತದೆ.

ಪಿಕ್‌ಅಂಡ್‌ರೋಲ್:
ಒಂದೇ ಪಂದ್ಯ ಇರುವವರು ಏನು ಮಾಡಬೇಕು? ಮಿತಿ ಬೇಕೇ ಬೇಕು.

ಬೆಂಚ್‌ಬಲ:
ನನ್ನ ಬಳಿ ಇನ್ನೂ ನಾಲ್ಕು ಸ್ಕ್ರೀನ್‌ಶಾಟ್‌ಗಳಿವೆ. ಒಂದರಲ್ಲಿ TO ಕಾಲಂ ಕತ್ತರಿಸಿಹೋಗಿದೆ. ಅದಕ್ಕೆ ಸೊನ್ನೆ ಹಾಕಿ ಸೇರಿಸಲೇ?

ಸ್ಕೋರ್‌ಟೇಬಲ್:
ಬೇಡ. ಒಂದು ಟರ್ನ್‌ಓವರ್‌ಗೆ ಇಡೀ ಒಂದು ಅಂಕ ಹೋಗುತ್ತದೆ, ಅದನ್ನು ಅಳಿಸಿದರೆ ಹೆಚ್ಚು ಹೊತ್ತು ಚೆಂಡು ಆಡಿಸುವ 7ನೇ ನಂಬರಿನವನಿಗೇ ಪುಕ್ಕಟೆ ಲಾಭ. ಆ ಪಂದ್ಯ ಬಿಟ್ಟು ಉಳಿದ ಮೂರನ್ನು ಕೂಡಿಸಿ ಹಾಕಿ, ನೋಡೋಣ.