ಪದಚರ್ಚೆ: ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತು ಬಂದು ಕೂತರೆ?

ಉಡುಪಿಯಿಂದ, ಸ್ಮರಣ ಸಂಚಿಕೆಯ ಕೆಲಸದಲ್ಲಿರುವವರು

ಎಲ್ಲರಿಗೂ ನಮಸ್ಕಾರ. ಪರ್ಯಾಯದ ಹೊತ್ತಿಗೆ ತರಬೇಕೆಂದಿರುವ ಸಂಚಿಕೆಗೆ ಲೇಖನಗಳು ಬರುತ್ತಿವೆ. ಜಾಸ್ತಿ ಪಾಲು ವಾಟ್ಸಾಪಿನಲ್ಲೇ, ಫೋನಿನಲ್ಲಿ ಟೈಪ್ ಮಾಡಿದ್ದು. ಅದರಲ್ಲಿ "ಕಾರ್ಯಕ್ರಮ" ಎಂಬ ಒಂದೇ ಪದ ನಾಲ್ಕು ವೇಷದಲ್ಲಿದೆ: ಕಾರ್ಯಕ್ರಮ, ಕಾಯ೯ಕ್ರಮ, ಕಾಯ್ರಕ್ರಮ, ಕಾರ‍್ಯಕ್ರಮ. ಮೊದಲ ಎರಡಕ್ಕೆ ನನ್ನ ಫೋನಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ಊರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದಾಗ ವಿಷಯ ಗೊತ್ತಾಯಿತು. ಪರ್ಕಳ ಹೋಗಿ ಪಡುಬಿದ್ರಿಗಿಂತ ಮೇಲೆ ಕೂತಿತ್ತು. ಯಾಕೆ ಅಂತ ನೋಡಿದರೆ ಅದು ಪಕ೯ಳ. ಯಂತ್ರಕ್ಕೆ ಅದು "ಪಕ" ಎಂದು ಶುರುವಾಗುವ ಪದ, ಹಾಗಾಗಿ ಮೇಲೆ ಹೋಗಿದೆ. ಇಂಥವನ್ನು ಗುರುತಿಸುವುದು ಹೇಗೆ? ಎಲ್ಲವನ್ನೂ ಒಟ್ಟಿಗೆ ತಿದ್ದಲು ದಾರಿ ಇದೆಯೇ?

ಮಂಗಳೂರಿನಿಂದ, ಡಿಟಿಪಿ ಅಂಗಡಿಯವರು

ಇದು ಫಾಂಟಿನ ತೊಂದರೆ ಸರ್. ಒಳ್ಳೆಯ ಯೂನಿಕೋಡ್ ಫಾಂಟ್ ಹಾಕಿ, ಸರಿಯಾಗುತ್ತದೆ. ನಮ್ಮಲ್ಲೂ ನುಡಿ ತಂತ್ರಾಂಶದ ಹಳೆಯ ಫೈಲುಗಳು ಬಂದಾಗ ಹೀಗೇ ಅಕ್ಷರ ಕೆಡುತ್ತಿತ್ತು.

ಕಾರ್ಕಳದಿಂದ, ನಿವೃತ್ತ ಕನ್ನಡ ಮೇಷ್ಟ್ರು

ಅರ್ಕಾವೊತ್ತಿನ ವಿಷಯ ಬಂದದ್ದು ಸಂತೋಷ. ರಕಾರದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ಧರ್ಮ್ಮ, ಸರ್ವ್ವ ಎಂದು ಬರೆಯುವುದು ಶಾಸನಗಳಲ್ಲಿ ಸಾಮಾನ್ಯ. ಈಗ ಅದನ್ನು ಬಿಟ್ಟಿದ್ದೇವೆ. ಆದ್ದರಿಂದ ಒಂದೇ ಪದಕ್ಕೆ ಎರಡು ರೂಪ ಇದ್ದ ಮಾತ್ರಕ್ಕೆ ತಪ್ಪೆಂದು ಹೇಳಲಾಗದು.

ಮಣಿಪಾಲದಿಂದ, ಫಾಂಟ್ ಕೆಲಸ ಮಾಡುವವರು

ಮೇಷ್ಟ್ರೇ, ನೀವು ಹೇಳಿದ್ದು ಸರಿ, ಆದರೆ ಕೇಳಿದ್ದು ಅದಲ್ಲ. ಇಲ್ಲಿ ಇರುವುದು ಅಕ್ಷರವೇ ಅಲ್ಲ, ಅಂಕಿ. ಕನ್ನಡದ ಒಂಬತ್ತು.

ಡಿಟಿಪಿಯವರ ಮಾತು ಅರ್ಧ ಸರಿ. ಫಾಂಟ್ ಬದಲಾಯಿಸಿದರೆ ತಪ್ಪು ಕಾಣಿಸಬಹುದು, ಯಾಕೆಂದರೆ ಕೆಲವು ಫಾಂಟುಗಳಲ್ಲಿ ೯ ಅರ್ಕಾವೊತ್ತಿಗಿಂತ ದೊಡ್ಡದಾಗಿರುತ್ತದೆ. ಆದರೆ ಒಳಗಿರುವುದು ಅಂಕಿಯೇ ಆದ್ದರಿಂದ ಯಾವ ಫಾಂಟೂ ಅದನ್ನು ಅಕ್ಷರ ಮಾಡಲಾರದು.

ಹಳೆಯ ನುಡಿ ಫೈಲಿನ ಮಾತು ಮಾತ್ರ ಉಪಯೋಗಕ್ಕೆ ಬರುತ್ತದೆ. ಆ ಫಾಂಟುಗಳಲ್ಲಿ "ಕಾರ್ಯಕ್ರಮ" ಒಳಗೆ ಹೀಗಿರುತ್ತಿತ್ತು:

```
PÁAiÀÄðPÀæªÀÄ
```

ಇದರಲ್ಲಿ `AiÀÄ` ಎಂದರೆ ಯ, ಅದರ ಹಿಂದೆಯೇ ಬರುವ `ð` ಅರ್ಕಾವೊತ್ತು. ಕಣ್ಣಿಗೆ ಕಂಡ ಸಾಲಿನಲ್ಲೇ, ಅಂದರೆ ಯ ಮೊದಲು, ಕೊಕ್ಕೆ ಆಮೇಲೆ. ನಾವು ಕೈಯಲ್ಲಿ ಬರೆಯುವುದೂ ಹಾಗೇ ಅಲ್ವಾ? ಯೂನಿಕೋಡಿನಲ್ಲಿ ಉಚ್ಚಾರದ ಸಾಲು: ಮೊದಲು ರ, ಆಮೇಲೆ ್, ಆಮೇಲೆ ಯ. ಕೊಕ್ಕೆಯನ್ನು ಯ-ದ ಪಕ್ಕಕ್ಕೆ ಒಯ್ದು ತೋರಿಸುವುದು ಫಾಂಟಿನ ಕೆಲಸ. ಫೋನಿನ ಕೀಲಿಮಣೆಯಲ್ಲಿ ಸಾಮಾನ್ಯವಾಗಿ ಕೊಕ್ಕೆಗೆ ಬೇರೆ ಕೀಲಿ ಇರುವುದಿಲ್ಲ. ಕೈಬರಹದ ರೂಢಿಯವರು ಯ ಒತ್ತಿ, ಕೊಕ್ಕೆ ಹುಡುಕಿ, ಅಂಕಿಗಳ ಸಾಲಿನಲ್ಲಿ ಅದೇ ಆಕಾರ ಸಿಕ್ಕ ಕೂಡಲೇ ಒತ್ತಿಬಿಡುತ್ತಾರೆ. ಆಗ ಕಾಯ೯ಕ್ರಮ. ಇನ್ನು ಕೆಲವರು ಯ ಒತ್ತಿ, ್ ಒತ್ತಿ, ರ ಒತ್ತುತ್ತಾರೆ. ಆಗ ಕಾಯ್ರಕ್ರಮ. ಎರಡಕ್ಕೂ ಬೇರು ಒಂದೇ. ಇಂಗ್ಲಿಷ್ ಅಕ್ಷರದಲ್ಲಿ karyakrama ಎಂದು ಹೊಡೆದು ಕನ್ನಡ ಪಡೆಯುವವರ ಬರಹದಲ್ಲಿ ಈ ತಪ್ಪು ನನಗೆ ಕಂಡದ್ದು ಕಡಿಮೆ.

ಗುರುತಿಸುವುದು ಸುಲಭ. ಕೊಕ್ಕೆಯ ಬಲಕ್ಕೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ. ಕೊಕ್ಕೆ ಮಾತ್ರ ಹೋಗಿ "ಕಾಯ" ಉಳಿದರೆ ಅದು ಅಂಕಿ. ಯ ಹೋಗಿ "ಕಾರ್" ಉಳಿದರೆ ನಿಜವಾದ ಅರ್ಕಾವೊತ್ತು.

ಒಟ್ಟಿಗೆ ತಿದ್ದಲು ಲಿಬ್ರೆ ಆಫೀಸಿನ Find & Replace ತೆರೆದು, Regular expressions ಆಯ್ಕೆ ಮಾಡಿ, ಹುಡುಕುವ ಜಾಗದಲ್ಲಿ ಇದನ್ನು ಹಾಕಿ:

```
((?:[ಕ-ಹ]್)*[ಕ-ಹ][\u0CBE-\u0CCC]?)೯(?![೦-೯])
```

ಬದಲಿಸುವ ಜಾಗದಲ್ಲಿ ಇದು:

```
ರ್$1
```

ಒಂಬತ್ತರ ಹಿಂದಿನ ಇಡೀ ಅಕ್ಷರವನ್ನು, ಒತ್ತು ಮತ್ತು ಸ್ವರಚಿಹ್ನೆ ಸಮೇತ, ಹಿಡಿದು ಅದರ ಮುಂದೆ ರ್ ಇಡುತ್ತದೆ. ಪಯಾ೯ಯ ಇದ್ದರೆ "ಯಾ" ಸಿಗುತ್ತದೆ, ಪರ್ಯಾಯ ಆಗುತ್ತದೆ. ಅಘ್ಯ೯ ಇದ್ದರೆ "ಘ್ಯ" ಪೂರ್ತಿ ಸಿಕ್ಕಿ ಅರ್ಘ್ಯ ಆಗುತ್ತದೆ. ಕೊನೆಯ ತುಂಡು ಇರುವುದು ೯೭ರಂಥ ನಿಜವಾದ ಸಂಖ್ಯೆಯನ್ನು ಮುಟ್ಟದಿರಲಿ ಎಂದು. ಆದರೂ Replace All ಒತ್ತಬೇಡಿ. ಯಾರಾದರೂ ಜಾಗ ಬಿಡದೆ "ಪುಟ೯" ಎಂದು ಬರೆದಿದ್ದರೆ ಅದು "ಪುರ್ಟ" ಆಗಿ ಕೂರುತ್ತದೆ. ಒಂದೊಂದೇ ನೋಡಿಕೊಂಡು ಹೋಗಿ.

ಪೆರ್ಡೂರಿನಿಂದ

ನನ್ನದೂ ಇದೇ ಕಥೆ. ಒಂದು ಕಚೇರಿಯ ಕಂಪ್ಯೂಟರಿನಲ್ಲಿ ನಮ್ಮ ಊರನ್ನು ಪೆಡೂ೯ರು ಎಂದು ಹಾಕಿದ್ದಾರೆ. ನಾನು ಹೋಗಿ ಹೆಸರು ಹೇಳಿದರೆ "ಸಿಗುವುದಿಲ್ಲ" ಎನ್ನುತ್ತಾರೆ, ಕೈಯಲ್ಲಿರುವ ಪ್ರಿಂಟಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ. ಇದಕ್ಕೆ ಅರ್ಜಿ ಕೊಡುವುದಾದರೂ ಏನೆಂದು? ಪೆರ್ಡೂರನ್ನು ಪೆರ್ಡೂರು ಮಾಡಿ ಎಂದೇ?

ಮಣಿಪಾಲದಿಂದ, ಮತ್ತೆ

ನಿಮ್ಮ ಅರ್ಜಿಯಲ್ಲಿ ಎರಡನ್ನೂ ಬಿಡಿಸಿ ಬರೆಯಿರಿ: ಅಲ್ಲಿರುವುದು "ಪೆ, ಡೂ, ಅಂಕಿ ಒಂಬತ್ತು, ರು". ಬೇಕಾದದ್ದು "ಪೆ, ರ್, ಡೂ, ರು". ಸದ್ಯಕ್ಕೆ ಹುಡುಕುವ ಜಾಗದಲ್ಲಿ ಅವರು ಆ ತಪ್ಪು ರೂಪವನ್ನೇ ಹೊಡೆದರೆ ನಿಮ್ಮ ಕಡತ ಸಿಗಬೇಕು.

ಸುರತ್ಕಲ್ಲಿನಿಂದ

ಹಾಗಾದರೆ ಎರಡನೆಯ ಬಗೆ? ಕಾಯ್ರಕ್ರಮ, ಸೂಯ್ರ ಇವೆಲ್ಲ ಇವೆಯಲ್ಲ. ಕನ್ನಡದಲ್ಲಿ ಯ-ಕ್ಕೆ ರ ಒತ್ತು ಬರುವುದೇ ಇಲ್ಲ. ಕಂಡಲ್ಲೆಲ್ಲ ತಿರುಗಿಸಿಬಿಟ್ಟರೆ ಮುಗಿಯಿತು.

ಮಣಿಪಾಲದಿಂದ

ಮುಗಿಯಲಿಲ್ಲ ಮಾರಾಯ್ರೆ! ಈಗ ನಾನು ಕರೆದದ್ದೇ "ಮಾರಾರ್ಯೆ" ಆಗುತ್ತದೆ. ನಮ್ಮ ಕಡೆಯ ನಾಟಕ, ಹರಟೆ ಇರುವ ಸಂಚಿಕೆಯಲ್ಲಿ ಮಾರಾಯ್ರೆ, ರಾಯ್ರು ಇಲ್ಲದೆ ಇರುತ್ತದೆಯೇ? ಬೇರೆ ಅಕ್ಷರಗಳಲ್ಲಿ ಇನ್ನೂ ಕಷ್ಟ. "ವಿಮಶ್ರೆ" ತಪ್ಪು, "ಮಿಶ್ರ" ಸರಿ. ಎರಡರಲ್ಲೂ ಇರುವುದು ಶ್ರ. ಅಂಕಿ ಬಂದಿದ್ದರೆ ಹುಡುಕಬಹುದು, ಏಕೆಂದರೆ ಪದದ ನಡುವೆ ಅಂಕಿಗೆ ಕೆಲಸವಿಲ್ಲ. ಸಾಲು ತಿರುಗಿದ್ದರೆ ಅಲ್ಲಿರುವುದು ಎಲ್ಲವೂ ಅಕ್ಷರವೇ. ಅದನ್ನು ಓದುವವರೇ ಹಿಡಿಯಬೇಕು.

ಉಡುಪಿಯಿಂದ, ಕೇಳಿದವರು

ಒಂಬತ್ತುಗಳನ್ನು ಹಿಡಿದಾಯಿತು, ಪರ್ಕಳ ಸ್ವಸ್ಥಾನ ಸೇರಿದೆ. ಪುಟ೯ ಕೂಡ ಒಂದು ಕಡೆ ಇತ್ತು! ನಾಲ್ಕನೆಯ ರೂಪ ಉಳಿದಿದೆ, ಕಾರ‍್ಯಕ್ರಮ. ಇಲ್ಲಿ ರ ಪೂರ್ತಿ ಇದೆ, ಯ ಒತ್ತಾಗಿದೆ. ಇದೂ ತಪ್ಪೇ?

ಮಣಿಪಾಲದಿಂದ

ಅದು ಬೇಕೆಂದೇ ಬರೆದದ್ದು. ರ ಆದಮೇಲೆ ಕಣ್ಣಿಗೆ ಕಾಣದ U+200D ಹಾಕಿ ಆಮೇಲೆ ್ ಹಾಕಿದರೆ ಹಾಗೆ ಬರುತ್ತದೆ. ರ‍್ಯಾಂಕ್, ರ‍್ಯಾಲಿ ಬರೆಯಲು ನನಗೆ ಅದು ಬೇಕೇ ಬೇಕು. ಪದದ ಶುರುವಿನಲ್ಲೇ ಕೊಕ್ಕೆ ಬಂದರೆ ಓದುವವರು ಎಡವುತ್ತಾರೆ. ಕಾರ್ಯಕ್ರಮಕ್ಕೆ ಅಗತ್ಯ ಇಲ್ಲ ಎಂದು ನನ್ನ ಅಭಿಪ್ರಾಯ, ಏಕೆಂದರೆ ಹುಡುಕುವಾಗ ಕೆಲವು ಕಡೆ ಎರಡನ್ನೂ ಬೇರೆ ಪದ ಎಂದೇ ಎಣಿಸುತ್ತದೆ.

ಕಾರ್ಕಳದಿಂದ, ಮೇಷ್ಟ್ರು

ಇದನ್ನು ಒಪ್ಪಲಾರೆ. ನುಡಿಯುವ ಸಾಲಿನಲ್ಲೇ ಕಾಣುವ ಬರಹ ಅದು, ಮಕ್ಕಳಿಗೆ ಕಲಿಸಲು ಅದೇ ಸುಲಭ. ಹುಡುಕಲು ಬಾರದಿದ್ದರೆ ಹುಡುಕುವ ಯಂತ್ರವನ್ನು ತಿದ್ದಿ. ಲೇಖಕರು ಬೇಕೆಂದೇ ಬರೆದಿದ್ದರೆ ಅವರನ್ನೊಮ್ಮೆ ಕೇಳದೆ ಬದಲಿಸಬೇಡಿ.