ಹಿರಿಯರ ಜೊತೆ ವೇದಿಕೆಯಲ್ಲಿ 40 ನಿಮಿಷ: ನಿರೂಪಕಿಯನ್ನು ಕೇಳಿ

ಉಪನ್ಯಾಸಕಿ, ಮೈಸೂರು: ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರ ಜೊತೆ ಫೈರ್‌ಸೈಡ್ ಚಾಟ್ ಇದೆ. 77 ವರ್ಷ, ಆರ್ಯಭಟ ಉಪಗ್ರಹ ಕಟ್ಟಿದ ತಂಡದಲ್ಲಿದ್ದವರು. ಸ್ವಲ್ಪ ಕಿವಿ ಮಂದ. ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ ಅಂತಾರೆ. 40 ನಿಮಿಷಕ್ಕೆ ಸ್ಕ್ರಿಪ್ಟ್ ಹೇಗೆ ಬರೆಯಲಿ ಮೇಡಂ?

ನಿರೂಪಕಿ: ಬರೆಯುವ ಮೊದಲು ಅವರಿಗೆ ಫೋನ್ ಮಾಡಿ, 20 ನಿಮಿಷ ಮಾತಾಡಿಸಿ. ಅವರು ತಾವಾಗಿಯೇ ಹೇಳುವ ಕಥೆಗಳನ್ನು ಗುರುತು ಹಾಕಿಕೊಳ್ಳಿ. ಆರ್ಯಭಟ ಕಟ್ಟಿದ ಪೀಣ್ಯದ ಶೆಡ್ಡು, ಶೌಚಾಲಯವನ್ನೇ ದತ್ತಾಂಶ ಕೇಂದ್ರ ಮಾಡಿಕೊಂಡಿದ್ದು, ಇವನ್ನು ಜನ ಎಷ್ಟೋ ಸಲ ಕೇಳಿದ್ದಾರೆ. ಅದನ್ನು ಆರಂಭದಲ್ಲಿ ನೀವೇ ಒಂದು ಸಾಲಿನಲ್ಲಿ ಹೇಳಿಬಿಡಿ. ಅವರು ಅಲ್ಲಿಂದ ಮುಂದಕ್ಕೆ ಹೋಗುತ್ತಾರೆ. ಬಯೋಡೇಟಾ ಓದಬೇಡಿ, ಅದು ಆಮಂತ್ರಣ ಪತ್ರಿಕೆಯಲ್ಲಿರಲಿ. ನೇರ ಹೀಗೆ ಕೇಳಿ: "ಸರ್, 1975ರ ಏಪ್ರಿಲ್ 19. ಆರ್ಯಭಟ ಸೋವಿಯತ್ ನೆಲದಿಂದ ಹಾರಿತು. ಆ ಹೊತ್ತಿಗೆ ನೀವು ಎಲ್ಲಿದ್ರಿ?" ಎಲ್ಲಿ ಅಂತ ಕೇಳಿದರೆ ಜಾಗ ಕಣ್ಮುಂದೆ ಬರುತ್ತದೆ. ಹೇಗನಿಸಿತು ಅಂತ ಕೇಳಿದರೆ ಭಾಷಣ ಬರುತ್ತದೆ.

ಹಾರಿದ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರೊಳಗಿನ ಪ್ರಯೋಗಗಳು ನಿಂತವು. ನಿಮ್ಮ ಮಾತುಕತೆಯ ಜೀವ ಇರುವುದು ಇಲ್ಲೇ. ಮೊದಲೇ ಕೇಳಬೇಡಿ. ಎರಡು ಪ್ರಶ್ನೆ ಆಗಿ ಅವರು ಕುರ್ಚಿಗೆ ಒರಗಿದ ಮೇಲೆ ಕೇಳಿ. ಆಮೇಲೆ ಕೈಲಿರುವ ಚೀಟಿಯ ಮುಂದಿನ ಪ್ರಶ್ನೆಗೆ ಹಾರಬೇಡಿ. "ಸುದ್ದಿ ಮೊದಲು ಯಾರು ಹೇಳಿದ್ರು ಸರ್?" "ಅವತ್ತು ರಾತ್ರಿ ಮನೆಗೆ ಹೋದ್ರಾ?" ಇಂಥ ಸಣ್ಣ ಪ್ರಶ್ನೆ ಸಾಕು. ಸುಮ್ಮನಾದರೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಒಮ್ಮೆ ಹಿರಿಯ ಮೃದಂಗ ವಿದ್ವಾಂಸರೊಬ್ಬರು ಕಣ್ಣು ಮುಚ್ಚಿ ಕೂತುಬಿಟ್ಟರು. ನಾನು ಗಾಬರಿಯಾಗಿ ಬೇರೆ ಪ್ರಶ್ನೆ ಹಾಕಿದೆ. ಕಾರು ಹತ್ತುವಾಗ ಅಂದರು, "ಗುರುಗಳ ಕೊನೇ ದಿನದ ಮಾತು ಬಾಯಿಗೆ ಬಂದಿತ್ತಮ್ಮ, ನೀವು ಬಿಡಲಿಲ್ಲ."

ಮಾತು ಉದ್ದವಾದರೆ "ಸಮಯದ ಅಭಾವ" ಅನ್ನಬೇಡಿ. ಉಸಿರು ತೆಗೆದುಕೊಳ್ಳುವಾಗ ಅವರದೇ ಕೊನೆಯ ಪದ ಹಿಡಿಯಿರಿ. "ಬೆಸುಗೆ ಅಂದ್ರಿ ಸರ್. ಅದನ್ನ ಮಾಡ್ತಿದ್ದ ಹುಡುಗರಿಗೆ ಎಷ್ಟು ವಯಸ್ಸು?" ತಡೆದ ಹಾಗೆ ಅನಿಸುವುದಿಲ್ಲ, ಕೇಳಿಸಿಕೊಂಡ ಹಾಗೆ ಅನಿಸುತ್ತದೆ.

ಯಾವ ಕಿವಿ ಚೆನ್ನಾಗಿ ಕೇಳುತ್ತದೆ ವಿಚಾರಿಸಿ, ಆ ಕಡೆ ನೀವು ಕೂರಿ. ಸೋಫಾ ಬೇಡ, ಏಳಲು ಕಷ್ಟ. ಕೈ ಇರುವ ಕುರ್ಚಿ ಹಾಕಿಸಿ.

ಹುಬ್ಬಳ್ಳಿಯ ಸದಸ್ಯ: ಇದು ನೋಡ್ರಿ, ಫಾರ್ವರ್ಡ್ ಬಂದಿತ್ತು. ಯಾವ ಅತಿಥಿಗಾದರೂ ಹೊಂದುವ 50 ಪ್ರಶ್ನೆ, ಪಿಡಿಎಫ್.

ನಿರೂಪಕಿ: ಈ ವಾರ ಇದು ಮೂರನೇ ಸಲ. ಎಲ್ಲರಿಗೂ ಹೊಂದುವ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರವೇ ಬರುತ್ತದೆ. 7ನೇ ಪ್ರಶ್ನೆ "ಯುವಜನರಿಗೆ ನಿಮ್ಮ ಸಂದೇಶ". ಅದನ್ನು ಕೇಳಿದ ತಕ್ಷಣ ಹಿಂದಿನ ಸಾಲಿನವರು ಊಟಕ್ಕೆ ಎದ್ದು ಹೋಗುತ್ತಾರೆ.

ಈವೆಂಟ್ ಮಾಡುವವನು: ಪ್ರಶ್ನೆಗಳನ್ನ ಮೊದಲೇ ಅತಿಥಿಗೆ ಕಳಿಸಬೇಕು ಮೇಡಂ. ನಾವು ಯಾವಾಗಲೂ ಹಾಗೇ ಮಾಡೋದು.

ನಿರೂಪಕಿ: ಅರ್ಧ ಸರಿ. ವಿಷಯ ತಿಳಿಸಿ, ಪ್ರಶ್ನೆಯನ್ನೇ ಕಳಿಸಬೇಡಿ. ಕಳಿಸಿದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ.

ಶಿವಮೊಗ್ಗದ ಓದುಗ: ನಮ್ಮ ಮಾವನವರ 80ರ ಸಮಾರಂಭದಲ್ಲಿ ನಾನೇ ಮಾತಾಡಿಸಬೇಕು. ಅವರು ಹೂಂ, ಉಹೂಂ ಬಿಟ್ಟು ಬೇರೆ ಹೇಳುವುದಿಲ್ಲ. ಏನು ಮಾಡಲಿ?

ಹುಬ್ಬಳ್ಳಿಯ ಸದಸ್ಯ: ಫೈರ್‌ಸೈಡ್ ಅಂದ್ರ ಬೆಂಕಿ ಎಲ್ಲೈತ್ರಿ? ಹರಟೆಕಟ್ಟೆ ಅನ್ರಿ. ಅಮೆರಿಕದ ರೂಸ್‌ವೆಲ್ಟ್ ಹಿಂಗ ಅತಿಥಿಗಳನ್ನ ಕೂರಿಸಿ ಮಾತಾಡಿಸ್ತಿದ್ರಂತ, ಆ ಹೆಸರು.

ನಿವೃತ್ತ ಮೇಷ್ಟ್ರು: ತಪ್ಪು. 1933ರಿಂದ ರೂಸ್‌ವೆಲ್ಟ್ ರೇಡಿಯೊದಲ್ಲಿ ಒಬ್ಬರೇ ಮಾತಾಡಿದ್ದು. ಅತಿಥಿ ಇರಲಿಲ್ಲ.

ಹುಬ್ಬಳ್ಳಿಯ ಸದಸ್ಯ: ಹೆಸರಿಗೇನ್ ಜಗಳ ಬಿಡ್ರಿ.

ನಿವೃತ್ತ ಮೇಷ್ಟ್ರು: ಶುರು ಮಾಡಿದ್ದು ನೀವು.

ಹೊಸ ಸದಸ್ಯೆ: ಆರಂಭ ಹೇಗೆ ಮಾಡಬೇಕು ಅಂತ ಸ್ವಲ್ಪ ಹೇಳ್ತೀರಾ?

ನಿರೂಪಕಿ: ಮೇಲೆ ಓದಿ.

ಉಪನ್ಯಾಸಕಿ, ಮೈಸೂರು: ಮುಗಿಸುವುದು ಹೇಗೆ ಮೇಡಂ? ಸಭಿಕರ ಪ್ರಶ್ನೆಗೆ ಎಷ್ಟು ಹೊತ್ತು?

ನಿರೂಪಕಿ: ಆರಂಭಕ್ಕೆ 2 ನಿಮಿಷ, ಮಾತಿಗೆ 25, ಸಭಿಕರಿಗೆ 10, ಮುಕ್ತಾಯಕ್ಕೆ 3. ಸಭಿಕರ ಪ್ರಶ್ನೆ ಚೀಟಿಯಲ್ಲಿ ಬರಲಿ, ಅವರ ಒಳ್ಳೆ ಕಿವಿಯ ಹತ್ತಿರ ನೀವೇ ಓದಿ. ಮೈಕ್ ಕೊಟ್ಟರೆ ಯಾರೋ ಎದ್ದು ತಮ್ಮದೇ ಕಥೆ ಹೇಳುತ್ತಾರೆ. ಕೊನೆಯ ಪ್ರಶ್ನೆ ಸಭಿಕರದ್ದಾಗಬಾರದು, ನಿಮ್ಮ ಕೈಲೇ ಉಳಿಸಿಕೊಳ್ಳಿ. "ಆ ದಿನಗಳದ್ದು ಅಂತ ಮನೇಲಿ ಇಟ್ಟುಕೊಂಡಿರೋದು ಏನಿದೆ ಸರ್?" ಇದು ಬಂದರೆ ಮುಗಿಯಿತು ಅಂತ ಫೋನಿನಲ್ಲೇ ಹೇಳಿರಿ. ಈ ಒಂದನ್ನು ಮಾತ್ರ ಮೊದಲೇ ಹೇಳಬಹುದು. ಉತ್ತರ ಬಂದ ಮೇಲೆ ಅದಕ್ಕೆ ನಿಮ್ಮ ವ್ಯಾಖ್ಯಾನ ಸೇರಿಸಬೇಡಿ. ಒಂದು ನಮಸ್ಕಾರ ಹೇಳಿ ಮೊದಲು ನೀವು ಏಳಿ, ಕೈ ಕೊಡಿ. ಹಾರ, ಶಾಲು ಆಮೇಲೆ.

ಈವೆಂಟ್ ಮಾಡುವವನು: ಶಾಲು ಮೊದಲೇ ಹಾಕೋದು ಪದ್ಧತಿ.

ನಿರೂಪಕಿ: ಕಾಲರ್ ಮೈಕ್ ಮೇಲೆ ಶಾಲು ಹೊದಿಸಿ 25 ನಿಮಿಷ ಸರಸರ ಸದ್ದು ಕೇಳಿಸಿಕೊಂಡವಳು ನಾನು. ನಿಮ್ಮಿಷ್ಟ.

ಉಪನ್ಯಾಸಕಿ, ಮೈಸೂರು: ಈಗಷ್ಟೇ ಫೋನ್ ಮಾಡಿದ್ದೆ. ವಿದ್ಯುತ್ ಕೆಟ್ಟ ವಿಷಯ ಬೇಡಮ್ಮ ಅಂದರು.

ನಿರೂಪಕಿ: ಬೇಡ ಅಂದರೆ ಬೇಡ. ವೇದಿಕೆಯಲ್ಲಿ ಸುತ್ತಿ ಬಳಸಿ ಅಲ್ಲಿಗೇ ತರಬೇಡಿ. ಸಭಿಕರ ಚೀಟಿಯಲ್ಲಿ ಬಂದರೂ ಪಕ್ಕಕ್ಕಿಡಿ. ಆ ಶೆಡ್ಡಿನಲ್ಲಿ ಅವರ ಪಕ್ಕದ ಮೇಜಿನಲ್ಲಿ ಯಾರು ಕೂರುತ್ತಿದ್ದರು ಅಂತ ಕೇಳಿ ನೋಡಿ.

ಶಿವಮೊಗ್ಗದ ಓದುಗ: ನಮ್ಮ ಮಾವನವರ ವಿಷಯ ಕೇಳಿದ್ದೆ. ಸಮಾರಂಭ ಭಾನುವಾರ.