ಎರಡು ತೂತು ಅಡ್ಡ ಹಾಯ್ದ ಜಾಗ ಎಷ್ಟು ದೊಡ್ಡದು? ಗಣಿತ ಉಪನ್ಯಾಸಕಿಯೊಂದಿಗೆ ಪ್ರಶ್ನೋತ್ತರ

ಮರಗೆಲಸದವರು: ಮೇಡಂ, ಉದ್ದ, ಅಗಲ, ಎತ್ತರ ಮೂರೂ 10 ಸೆಂ.ಮೀ. ಇರುವ ಮರದ ತುಂಡಿನಲ್ಲಿ 6 ಸೆಂ.ಮೀ. ವ್ಯಾಸದ ಎರಡು ತೂತುಗಳನ್ನು ಆರಪಾರ ಕೊರೆದೆ. ಎರಡೂ ನಟ್ಟನಡುವೆ ಲಂಬಕೋನದಲ್ಲಿ ಒಂದನ್ನೊಂದು ಹಾಯುತ್ತವೆ. ಕೊರೆಯುವ ಮುಂಚೆ ತುಂಡು 640 ಗ್ರಾಂ ಇತ್ತು, ಈಗ 371 ಇದೆ. ಎರಡು ತೂತಿಗೂ ಸೇರಿದ ಭಾಗ ಗೋಳ ಎಂದುಕೊಂಡು ಲೆಕ್ಕ ಹಾಕಿದ್ದೆ, ಅದರಂತೆ 350 ಉಳಿಯಬೇಕಿತ್ತು. ತಕ್ಕಡಿ ಕೆಟ್ಟಿದೆಯೇ?

ಉಪನ್ಯಾಸಕಿ: ತಕ್ಕಡಿ ಸರಿಯಾಗಿದೆ. ತಪ್ಪಿರುವುದು ಗೋಳ. ನೀವು ತೂಗಿ ನೋಡಿದ್ದರಿಂದಲೇ ಅದು ಸಿಕ್ಕಿಬಿದ್ದಿತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎರಡು ತೂತುಗಳೂ ಅಡ್ಡಡ್ಡ ಇರುವಂತೆ ತುಂಡನ್ನು ಮೇಜಿನ ಮೇಲಿಡಿ. ಈಗ ಗರಗಸವನ್ನು ಮೇಜಿಗೆ ಸಮನಾಗಿ ಹಿಡಿದು, ನಡುಮಟ್ಟದಲ್ಲಿ ಸೀಳಿದಿರಿ ಎಂದು ಭಾವಿಸಿ. ಸೀಳಿದ ಮುಖದ ಮೇಲೆ ಒಂದೊಂದು ತೂತೂ ದುಂಡಗೆ ಕಾಣುವುದಿಲ್ಲ, 6 ಸೆಂ.ಮೀ. ಅಗಲದ ನೇರ ಪಟ್ಟಿಯಾಗಿ ಕಾಣುತ್ತದೆ. ಎರಡು ಪಟ್ಟಿಗಳು ಅಡ್ಡ ಹಾಯುವ ಜಾಗ 6 ಕ್ಕೆ 6 ರ ಚೌಕ, ಅಂದರೆ 36 ಚದರ ಸೆಂ.ಮೀ. ಒಂದು ಸೆಂ.ಮೀ. ಮೇಲೆ ಹೋಗಿ ಸೀಳಿದರೆ ಪಟ್ಟಿಗಳು ಕಿರಿದಾಗುತ್ತವೆ. ತ್ರಿಜ್ಯ 3, ಏರಿದ್ದು 1, ಆದ್ದರಿಂದ ಅರ್ಧ ಅಗಲದ ವರ್ಗ 9 ರಿಂದ 1 ಕಳೆದು 8. ಚೌಕದ ಕ್ಷೇತ್ರಫಲ ಅದರ ನಾಲ್ಕರಷ್ಟು, 32. ಎರಡು ಸೆಂ.ಮೀ. ಮೇಲೆ 20. ಮೂರಕ್ಕೆ ಹೋದರೆ ಏನೂ ಇಲ್ಲ. ಕೆಳಗಿನ ಅರ್ಧವೂ ಹೀಗೆಯೇ. ಎಲ್ಲಿ ಸೀಳಿದರೂ ಚೌಕವೇ ಸಿಗುತ್ತದೆ, ವೃತ್ತ ಎಲ್ಲೂ ಸಿಗುವುದಿಲ್ಲ. ನಿಮ್ಮ ಗೋಳ ಪ್ರತಿಯೊಂದು ಚೌಕದೊಳಗೂ ಅಂಚಿಗೆ ತಾಗಿ ಕೂತ ವೃತ್ತ ಮಾತ್ರ. ಮೂಲೆಗಳು ನಿಮ್ಮ ಲೆಕ್ಕದಿಂದ ಹೊರಗುಳಿದವು.

ಚೌಕಗಳನ್ನು ಕೂಡಿಸಲು ಕಲನಶಾಸ್ತ್ರ ಬೇಕಿಲ್ಲ. ಈ ಸಾಮಾನ್ಯ ಭಾಗ ಸರಿಯಾಗಿ ಹಿಡಿಸುವ 6 ಸೆಂ.ಮೀ. ಬದಿಯ ಪೆಟ್ಟಿಗೆಯನ್ನು ಯೋಚಿಸಿ. ಪೆಟ್ಟಿಗೆಯ ಪ್ರತಿ ಪದರವೂ 36. ಚೌಕ ತುಂಬದೆ ಬಿಟ್ಟ ಜಾಗ ನಡುಮಟ್ಟದಲ್ಲಿ ಸೊನ್ನೆ, 1 ಸೆಂ.ಮೀ. ಮೇಲೆ 4, 2 ಸೆಂ.ಮೀ. ಮೇಲೆ 16, ತುದಿಯಲ್ಲಿ 36. ಇವು 2, 4, 6 ರ ವರ್ಗಗಳು. ತುದಿಯನ್ನು ಪೆಟ್ಟಿಗೆಯ ನಡುಬಿಂದುವಿಗೆ ಊರಿ ತಲೆಕೆಳಗಾಗಿ ನಿಲ್ಲಿಸಿದ ಚೌಕ ಬುಡದ ಪಿರಮಿಡ್‌ನ ಪದರಗಳೂ ಇವೇ. ಪದರಕ್ಕೆ ಪದರ ಸಮವಾದರೆ ಒಟ್ಟು ಘನಫಲವೂ ಸಮ. ಆ ಪಿರಮಿಡ್ 36 × 3 ÷ 3 = 36. ಮೇಲೊಂದು, ಕೆಳಗೊಂದು, ಒಟ್ಟು 72. ಪೆಟ್ಟಿಗೆಯ 216 ರಲ್ಲಿ 72 ಕಳೆದರೆ 144 ಘನ ಸೆಂ.ಮೀ. ಪೆಟ್ಟಿಗೆಯ ಮೂರನೇ ಎರಡು ಭಾಗ. ತ್ರಿಜ್ಯ r ಆದರೆ 16r³/3.

ಈಗ ನಿಮ್ಮ ತುಂಡಿಗೆ ಬರೋಣ. ಒಂದು ತೂತು 282.7, ಎರಡು ಸೇರಿ 565.5. ಎರಡು ಸಲ ಎಣಿಸಿದ 144 ನ್ನು ಒಮ್ಮೆ ಕಳೆದರೆ ಹೊರಬಂದ ಮರ 421.5. ಉಳಿದದ್ದು 578.5 ಘನ ಸೆಂ.ಮೀ. ನಿಮ್ಮ ಮರ ಘನ ಸೆಂಟಿಮೀಟರಿಗೆ 0.64 ಗ್ರಾಂ, ಆದ್ದರಿಂದ 370 ಗ್ರಾಂ. ತೂತು ತುಸು ಸಣ್ಣದಾಗಿರಬಹುದು ಎಂದು ಹೇಳಿ ಗೋಳವನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಆ 20 ಗ್ರಾಂ ಬರಬೇಕಾದರೆ ವ್ಯಾಸ 2 ಮಿ.ಮೀ.ಗಿಂತ ಹೆಚ್ಚು ಕಡಿಮೆ ಇರಬೇಕಿತ್ತು. ಅಷ್ಟು ವ್ಯತ್ಯಾಸ ನಿಮ್ಮ ಕಣ್ಣಿಗೇ ಬೀಳುತ್ತಿತ್ತು.

ಪಿಯು ವಿದ್ಯಾರ್ಥಿನಿ: ಮೇಡಂ, ಒಂದು ತೂತಿನ ಬಾಯಿಂದ ನೋಡಿದರೆ ವೃತ್ತ, ಇನ್ನೊಂದರ ಬಾಯಿಂದ ನೋಡಿದರೂ ವೃತ್ತ. ಎರಡು ಕಡೆಯಿಂದ ದುಂಡಗಿದ್ದರೆ ಗೋಳ ಆಗಬೇಕಲ್ಲವೇ?

ಉಪನ್ಯಾಸಕಿ: ಮೂರನೆಯ ಕಡೆಯಿಂದ, ಮೇಲಿಂದ ನೋಡಿ. ಚೌಕ ಕಾಣುತ್ತದೆ. ಗೋಳ ಎಲ್ಲಿಂದಲೂ ಚೌಕವಾಗಿ ಕಾಣುವುದಿಲ್ಲ.

ವೆಲ್ಡಿಂಗ್ ಅಂಗಡಿಯವರು: ನಮಸ್ಕಾರ ಮೇಡಂ. ಒಂದೇ ಅಳತೆಯ ಎರಡು ಪೈಪುಗಳನ್ನು ಟಿ ಆಕಾರದಲ್ಲಿ ಕೂಡಿಸಬೇಕು. ಕಾಗದದ ಅಚ್ಚು ಸುತ್ತಿ ಗುರುತು ಹಾಕುತ್ತೇನೆ, ಆದರೂ ನಡುವೆ ಸಂದು ಉಳಿಯುತ್ತದೆ. ಈ 144 ಅದಕ್ಕೆ ಬರುತ್ತದೆಯೇ?

ಉಪನ್ಯಾಸಕಿ: ಇಲ್ಲ. ಅದು ಘನಫಲ, ನಿಮಗೆ ಬೇಕಾದದ್ದು ಅಂಚಿನ ಗೆರೆ.

ಪಾಲಿಟೆಕ್ನಿಕ್ ಬೋಧಕ: ಅಣ್ಣಾ, ಎರಡೂ ಸಮ ಇದ್ದರೆ ಕೂಡುವ ಗೆರೆ ಎರಡು ಓರೆ ಸಮತಲಗಳಲ್ಲಿ ಬೀಳುತ್ತದೆ. ಕೊಂಬೆಯ ಪೈಪಿನ ತುದಿಯನ್ನು ಎರಡು ಕಡೆಯಿಂದಲೂ 45 ಡಿಗ್ರಿಗೆ ಓರೆಯಾಗಿ ಕತ್ತರಿಸಿದರೆ ಸಾಕು, ಅಚ್ಚು ಬೇಡ.

ವೆಲ್ಡಿಂಗ್ ಅಂಗಡಿಯವರು: ಹಾಗೂ ಮಾಡಿ ನೋಡಿದ್ದೇನೆ. ಹೊರ ಅಂಚು ಕೂರುತ್ತದೆ, ಒಳ ಅಂಚು ಕೂರುವುದಿಲ್ಲ. ಪೈಪಿಗೆ ದಪ್ಪ ಇದೆಯಲ್ಲ, ಕಾಗದದ ಮೇಲೆ ಅದು ಇಲ್ಲ.

ಪಾಲಿಟೆಕ್ನಿಕ್ ಬೋಧಕ: ದಪ್ಪ ಬೇರೆ ವಿಷಯ. ನಾನು ಹೇಳಿದ ರೇಖಾಗಣಿತ ಸರಿ ಇದೆ.

ವೆಲ್ಡಿಂಗ್ ಅಂಗಡಿಯವರು: ರೇಖಾಗಣಿತ ಸರಿ ಇರಬಹುದು, ನೀರು ಸೋರುವುದು ನನ್ನ ಕೆಲಸದಲ್ಲಿ.

ನಿವೃತ್ತ ಬ್ಯಾಂಕ್ ನೌಕರ: ಎಲ್ಲರ ಅನುಕೂಲಕ್ಕಾಗಿ ನನಗೆ ಬಂದ ಸಂದೇಶವನ್ನು ಹಂಚುತ್ತಿದ್ದೇನೆ: "ಸೀಳುವುದು, ಪಿರಮಿಡ್ ಯಾವುದೂ ಬೇಡ! ಗೋಳದ ಘನಫಲ ಮತ್ತು ಅದನ್ನು ಸುತ್ತಿದ ಸಿಲಿಂಡರಿನ ಘನಫಲ, ಎರಡರ ಸರಾಸರಿಯೇ ಉತ್ತರ. ಹತ್ತು ಜನರಿಗೆ ಕಳುಹಿಸಿ." ಮೇಲಿನ ಲೆಕ್ಕಕ್ಕೆ ಹಾಕಿ ನೋಡಿದೆ, 141.4 ಬರುತ್ತದೆ. ಮೇಡಂ ಅವರ 144 ಕ್ಕೆ ಎಷ್ಟು ಹತ್ತಿರ!

ಉಪನ್ಯಾಸಕಿ: ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಹತ್ತಿರ ಬಂದಿರುವುದೇ ಇದರ ಅಪಾಯ. ಪೂರ್ತಿ ಹುಚ್ಚು ಉತ್ತರ ಕೊಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲ. ಗೋಳದಲ್ಲೂ ಸಿಲಿಂಡರಿನಲ್ಲೂ ಪೈ ಇದೆ, ಸರಾಸರಿಯಲ್ಲೂ ಪೈ ಉಳಿಯುತ್ತದೆ. ಚೌಕಗಳನ್ನು ಪೇರಿಸಿದ ವಸ್ತುವಿಗೆ ಪೈ ಎಲ್ಲಿಂದ ಬರಬೇಕು?

ನಿವೃತ್ತ ಬ್ಯಾಂಕ್ ನೌಕರ: ಆದರೆ ಸರಾಸರಿಯ ಲೆಕ್ಕದಲ್ಲಿ ಉಳಿಯುವ ಮರ 368.6 ಗ್ರಾಂ. ತಕ್ಕಡಿ ತೋರಿಸಿದ್ದು 371. ನಿಮ್ಮದು 370. ಎರಡೂ ಹತ್ತಿರವೇ. ನಿಮ್ಮದೇ ಸರಿ ಎಂದು ತಕ್ಕಡಿ ಹೇಳಿತೇ?

ಉಪನ್ಯಾಸಕಿ: ಇಲ್ಲ, ಹೇಳಲಿಲ್ಲ. ಮರದ ತೇವ, ಕೊರೆಯುವ ಹಲ್ಲಿನ ಸವೆತ ಎಲ್ಲ ಸೇರಿದರೆ ಒಂದೂವರೆ ಗ್ರಾಂ ಅತ್ತಿತ್ತ ಆಗಬಹುದು. ತೂಕ ಗೋಳವನ್ನು ತಳ್ಳಿಹಾಕಬಲ್ಲುದು, ನಿಮ್ಮ ಸರಾಸರಿಯನ್ನು ತಳ್ಳಿಹಾಕಲಾರದು. ಅದನ್ನು ತಳ್ಳಿಹಾಕುವುದು ಪದರಗಳು. ನಂಬಿಕೆ ಇಲ್ಲದಿದ್ದರೆ 1 ಸೆಂ.ಮೀ. ದಪ್ಪದ ಆರು ಥರ್ಮೋಕೋಲ್ ಚೌಕಗಳನ್ನು ಕತ್ತರಿಸಿ. ಪ್ರತಿ ಪದರದ ನಡುಮಟ್ಟದ ಅಳತೆ ತೆಗೆದುಕೊಂಡರೆ ಕ್ಷೇತ್ರಫಲ 35, 27, 11, ಮತ್ತೆ ಕೆಳಗೂ ಇಷ್ಟೇ. ಒಟ್ಟು 146. ಪದರ ತೆಳುವಾದಂತೆ ಇದು 144 ಕ್ಕೆ ಇಳಿಯುತ್ತ ಹೋಗುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. 141.4 ಎಂದಿಗೂ ಸಿಗದು.

ಇತಿಹಾಸದ ಓದುಗ: ಈ ಮೂರನೇ ಎರಡು ಭಾಗ ಆರ್ಕಿಮಿಡೀಸ್‌ನದು. ಎರಟೋಸ್ಥೆನಿಸ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಪಿರಮಿಡ್ ಯುಕ್ತಿಯೂ ಅವನದೇ.

ಪಾಲಿಟೆಕ್ನಿಕ್ ಬೋಧಕ: ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಸ್ಟೈನ್‌ಮೆಟ್ಜ್ ಎಂಬ ವಿದ್ಯುತ್ ಎಂಜಿನಿಯರನ ಹೆಸರಿದೆ. ಅವನದೇ ಶೋಧ.

ಇತಿಹಾಸದ ಓದುಗ: ಎರಡು ಸಾವಿರ ವರ್ಷ ಹಿಂದಿನದನ್ನು ಎಂಜಿನಿಯರ್ ಶೋಧಿಸಿದನೇ? ಓದಿ ಮಾತನಾಡಿ.

ಪಾಲಿಟೆಕ್ನಿಕ್ ಬೋಧಕ: ನೀವು ಓದಿದ್ದಷ್ಟೇ ಓದು ಎಂದು ತಿಳಿಯಬೇಡಿ.

ಉಪನ್ಯಾಸಕಿ: ಇಬ್ಬರೂ ಅರ್ಧ ಸರಿ. ಹೆಸರು ಸ್ಟೈನ್‌ಮೆಟ್ಜ್‌ನದು, ಫಲ ಅವನಿಗಿಂತ ಬಹಳ ಹಳೆಯದು. ಆರ್ಕಿಮಿಡೀಸ್ ಆ ಪತ್ರದಲ್ಲಿ ಮೂರನೇ ಎರಡು ಭಾಗ ಎಂದು ಹೇಳಿರುವುದು ನಿಜ. ಅದು ಇದ್ದ ಹಸ್ತಪ್ರತಿಯನ್ನು 1906 ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಓದಿದರು, ಆದರೆ ಈ ಫಲದ ಪುರಾವೆ ಇದ್ದ ಹಾಳೆಗಳು ಉಳಿದಿಲ್ಲ. ಆದ್ದರಿಂದ ಪಿರಮಿಡ್ ಅವನದೇ ಎಂದು ಅಷ್ಟು ಖಚಿತವಾಗಿ ಹೇಳಬೇಡಿ. ಪಿರಮಿಡ್ ದಾರಿ ನಮಗೆ ಸಿಕ್ಕಿರುವುದು ಚೀನಾದಿಂದ. ಕ್ರಿ.ಶ. 263 ರಲ್ಲಿ ಅಲ್ಲಿನ ಗಣಿತಜ್ಞ ಲಿಯು ಹುಯಿ ಈ ಆಕಾರವನ್ನು ಒಂದರ ಮೇಲೊಂದು ಮುಚ್ಚಿದ ಎರಡು ಚೌಕ ಕೊಡೆಗಳಿಗೆ ಹೋಲಿಸಿದ. ಒಳಗಿನ ಗೋಳಕ್ಕೂ ಇದಕ್ಕೂ ಇರುವ ಅನುಪಾತ ವೃತ್ತಕ್ಕೂ ಚೌಕಕ್ಕೂ ಇರುವಷ್ಟೇ ಎಂದು ಕಂಡ. ಅವನಿಗೆ ಗೋಳದ ಘನಫಲ ಬೇಕಿತ್ತು, ಅದಕ್ಕೆ ಮೊದಲು ಈ ಕೊಡೆಗಳದ್ದು ಬೇಕಿತ್ತು. ಅಲ್ಲಿ ಸಿಕ್ಕಿಕೊಂಡ. ಬಲ್ಲವರು ಬಂದು ಹೇಳಲಿ ಎಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟ. ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಝು ಗೆಂಗ್, ಝು ಚೊಂಗ್‌ಝಿಯ ಮಗ, ಕೊಡೆಯನ್ನು ಬಿಟ್ಟು ಪೆಟ್ಟಿಗೆಯಲ್ಲಿ ಖಾಲಿ ಉಳಿದ ಜಾಗವನ್ನು ಅಳೆದ. ನಾನು ಮೇಲೆ ಬರೆದಿರುವುದು ಆ ದಾರಿಯೇ. ಅನುಪಾತ ಕೈಯಲ್ಲಿದ್ದೂ ಲಿಯು ಹುಯಿಗೆ ಹೊಳೆಯದಿದ್ದದ್ದು ಈ ಒಂದು ತಿರುವು. ಪ್ರತಿ ವರ್ಷ ತರಗತಿಯಲ್ಲಿ ಅದನ್ನು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಹೊಸ ಸದಸ್ಯ: ಮೇಡಂ, ಎರಡರ ಸಾಮಾನ್ಯ ಭಾಗ ಗೋಳ ತಾನೇ?

ಉಪನ್ಯಾಸಕಿ: ಅಲ್ಲ. ಮೇಲೆ ಓದಿ.

ಪಿಯು ವಿದ್ಯಾರ್ಥಿನಿ: ಮೇಡಂ, ನಾನು ಒಂದು ಸಿಲಿಂಡರಿನ ಅಕ್ಷಕ್ಕೆ ಅಡ್ಡಲಾಗಿ ಸೀಳಿದೆ. ಚೌಕ ಬರಲಿಲ್ಲ, ಮೇಲೂ ಕೆಳಗೂ ಚಪ್ಪಟೆಯಾಗಿ ಕತ್ತರಿಸಿದ ವೃತ್ತ ಬಂತು. ತಪ್ಪು ಮಾಡಿದೆನೇ?

ಉಪನ್ಯಾಸಕಿ: ತಪ್ಪಲ್ಲ, ದಾರಿ ಕಷ್ಟ. ಹಾಗೆ ಸೀಳಿದರೆ ಪ್ರತಿ ಪದರದಲ್ಲೂ ಕೋನ ಮತ್ತು ವರ್ಗಮೂಲ ನುಸುಳುತ್ತವೆ. ಕೊನೆಗೆ 144 ಬಂದೇ ಬರುತ್ತದೆ, ಆದರೆ ಹಾದಿಯಲ್ಲಿ ಪೈ ಬಂದು ಪೈ ಹೋಗುತ್ತದೆ. ಎರಡೂ ಅಕ್ಷಗಳಿಗೆ ಸಮಾನಾಂತರವಾಗಿ ಸೀಳಿದರೆ ಮಾತ್ರ ಎರಡು ಸಿಲಿಂಡರುಗಳೂ ನೇರ ಪಟ್ಟಿಗಳಾಗುತ್ತವೆ.

ಹೊಸ ಸದಸ್ಯ: ತೂತುಗಳು ಬೇರೆ ಬೇರೆ ಗಾತ್ರದವಾದರೆ? 60 ಡಿಗ್ರಿಯಲ್ಲಿ ಹಾಯ್ದರೆ?

ಉಪನ್ಯಾಸಕಿ: ಗಾತ್ರ ಬೇರೆಯಾದರೆ ಆಯತಗಳು ಬರುತ್ತವೆ, ಅವುಗಳ ಮೊತ್ತಕ್ಕೆ ಇಂಥ ಸರಳ ಸೂತ್ರ ಇಲ್ಲ. 60 ಡಿಗ್ರಿಯಾದರೆ ವಜ್ರಾಕೃತಿ, 144 ನ್ನು 60 ಡಿಗ್ರಿಯ ಸೈನ್‌ನಿಂದ ಭಾಗಿಸಿ.

ಪಿಯು ವಿದ್ಯಾರ್ಥಿನಿ: ಮೇಲಿಂದ ಕೆಳಕ್ಕೆ ಮೂರನೆಯ ತೂತನ್ನೂ ಕೊರೆದರೆ ಮೂರಕ್ಕೂ ಸೇರಿದ್ದು ಎಷ್ಟು, ಮೇಡಂ?

ನಿವೃತ್ತ ಬ್ಯಾಂಕ್ ನೌಕರ: ಅದಕ್ಕೂ ಒಂದು ಸುಲಭ ಸೂತ್ರದ ಸಂದೇಶ ಬಂದಿದೆ, ಹುಡುಕಿ ಹಾಕುತ್ತೇನೆ.

ಉಪನ್ಯಾಸಕಿ: ಹಾಕಬೇಡಿ.

ನಿವೃತ್ತ ಬ್ಯಾಂಕ್ ನೌಕರ: ಸಹಾಯ ಮಾಡಲು ಬಂದವರಿಗೆ ಇದೇ ಗೌರವವೇ?

ಇತಿಹಾಸದ ಓದುಗ: ಸಹಾಯ ಬೇಕಿದ್ದವರು ಮರಗೆಲಸದವರು. ಅವರನ್ನು ಮಾತನಾಡಲು ಬಿಡಿ.

ಮರಗೆಲಸದವರು: ಎರಡೂ ತೂತುಗಳನ್ನು ವರ್ನಿಯರ್ ಹಿಡಿದು ಮತ್ತೆ ಅಳೆದೆ, ಮೇಡಂ. ಒಂದು 60 ಮಿ.ಮೀ. ಸರಿಯಾಗಿದೆ. ಎರಡನೆಯದು 59.8.

ಉಪನ್ಯಾಸಕಿ: ಹಾಗಾದರೆ ಸುಮಾರು ಮುಕ್ಕಾಲು ಗ್ರಾಂ ಹೆಚ್ಚು ಉಳಿದಿರುತ್ತದೆ, ನಿಮ್ಮ 371 ಕ್ಕೆ ಕೂರುತ್ತದೆ. ತಕ್ಕಡಿ ಇಡೀ ಗ್ರಾಂ ಮಾತ್ರ ತೋರಿಸುವುದಾದರೆ ಇದನ್ನು ಇನ್ನೂ ಸಾಕ್ಷಿ ಎನ್ನಬೇಡಿ. ಒಂದು ದಶಮಾಂಶ ತೋರಿಸುವ ತಕ್ಕಡಿ ಸಿಕ್ಕಿದರೆ ಮತ್ತೆ ತೂಗಿ, ಇಲ್ಲಿಯೇ ಬರೆಯಿರಿ.